ಸಂಜಿ 6ಕ್ಕ ಇಟ್ಟ ನೋಟಿಸು ರಾತ್ರಿ 11:30ಕ್ಕ ಯಾಕ ಬಂತು? ಸಂಘದ ಟೆಲಿಗ್ರಾಮ್ ಶೆಡ್ಯೂಲ್ ಕೆಟ್ರ ಹುಡುಕೋದು ಹೆಂಗ

ಹುಬ್ಬಳ್ಳಿ ಗೋಕುಲ ರೋಡ್ ಕಡೆ ನಮ್ಮದೊಂದು ಸಣ್ಣ ಲೇಔಟ್ ಐತಿ, 64 ಮನಿ, ಒಂದು ನಿವಾಸಿಗಳ ಸಂಘ, ಸಂಘಕ್ಕ ಒಂದು ಟೆಲಿಗ್ರಾಮ್ ಗ್ರೂಪ್. ತಿಂಗಳಿಗೆ ಮೂರ ನೋಟಿಸು ತಪ್ಪದ ಹೋಗಬೇಕು. 1ನೇ ತಾರೀಖು ಸಂಜಿ 6ಕ್ಕ ಮೇಂಟೆನನ್ಸ್ ರೊಕ್ಕದ ನೆನಪು, ಎರಡನೇ ರವಿವಾರದ ಮೀಟಿಂಗಿಗೆ ಹಿಂದಿನ ದಿನ ಶನಿವಾರ ಸಂಜಿ 6ಕ್ಕ ಒಂದು, ಆಮೇಲೆ 15ಕ್ಕ ಮುಂಜಾನೆ 6:30ಕ್ಕ ಟ್ಯಾಂಕ್ ತೊಳಿಯೋದು ಐತಿ, 8ರಿಂದ 12ರ ತನಕ ನೀರು ಬರಂಗಿಲ್ಲ, ತುಂಬಿ ಇಟ್ಕೋರಿ ಅಂತ. ಸೆಕ್ರೆಟರಿ ಕಾಕಾ ಮೊದಲ ಕೈಯಿಂದನ ಟೈಪ್ ಮಾಡಿ ಹಾಕ್ತಿದ್ರು, ಮರೀತಿದ್ರು, ಬೈಸ್ಕೋತಿದ್ರು. ಅದಕ್ಕ ನಾನ ಅವರಿಗೆ ಶೆಡ್ಯೂಲ್ ಮಾಡೋದು ತೋರಿಸಿಕೊಟ್ಟೆ, ಆರು ತಿಂಗಳದ್ದು ಒಂದ ಸಲ ಕುಂತು ಇಟ್ಟಬಿಟ್ವಿ.

ಆ ಆರು ತಿಂಗಳು ಚಂದ ನಡೀತು. ಆಮೇಲೆ ಒಂದಿನ ಟ್ಯಾಂಕಿನ ನೋಟಿಸು ಮಧ್ಯಾಹ್ನ 12ಕ್ಕ ಬಂತು. 8ರಿಂದ 12 ನೀರಿಲ್ಲ ಅನ್ನೋ ನೋಟಿಸು, 12ಕ್ಕ, ಅಷ್ಟೊತ್ತಿಗೆ ಟ್ಯಾಂಕ್ ತೊಳದು ಮುಗಿಸಿ ಹುಡುಗ್ರು ಗಿರಮಿಟ್ ತಿನ್ನಾಕ ಹೋಗಿದ್ರು. ಮೂರನೇ ಕ್ರಾಸಿನ ಅಕ್ಕಾರು ಕೈಯಾಗ ಸೋಪಿನ ನೊರೆ ಇಟ್ಕೊಂಡ ಬಾಗಲಕ್ಕ ಬಂದು, "ಏನ್ರೀ ತಮ್ಮಾ, ನೋಟಿಸು ಮೊದ್ಲ ಹಾಕ್ತೀರೋ ಇಲ್ಲಾ ನೀರು ಹೋದಮ್ಯಾಲೆ ಹಾಕ್ತೀರೋ" ಅಂದ್ರು. ಅವರು ಅಂದಿದ್ದು ಖರೇನ ಇತ್ತು. ಮುಂದಿನ 1ನೇ ತಾರೀಖಿನ ರೊಕ್ಕದ ನೋಟಿಸು ಸಂಜಿ 6ರ ಬದಲಿ ರಾತ್ರಿ 11:30ಕ್ಕ ಬಂತು, ಮಲಗಿದ್ದ ಹಿರ್ಯಾರ ಫೋನು ಟಿಣ್ ಅಂದು ಮತ್ತ ಬೈಗಳು.

ಇದನ್ನ ಹುಡುಕಿದ ದಾರಿ ಬರೀತೀನಿ, ಯಾಕಂದ್ರ ನಾವು ಮೊದಲ ತಪ್ಪ ಜಾಗಾದಾಗ ಒಂದು ತಿಂಗಳು ಹುಡುಕಿದ್ವಿ.

ಮೊದಲ ಮಾಡಿದ ತಪ್ಪು ಅಂದಾಜು

ಸಂಘದ್ದು ಒಂದು ಹಳೇ ಆಂಡ್ರಾಯ್ಡ್ ಫೋನ್ ಐತಿ, ಕಮ್ಯುನಿಟಿ ಹಾಲಿನ ಕಪಾಟಿನಾಗ ಇರತೈತಿ, ಸಿಮ್ ಇಲ್ಲ, ವೈಫೈ ಮ್ಯಾಲೆ ನಡೀತೈತಿ. ಅದರಾಗ ಸಂಘದ ಟೆಲಿಗ್ರಾಮ್ ಅಕೌಂಟ್ ಇರೋದು. ಎಲ್ಲಾರೂ ಹೇಳಿದ್ದು ಏನಂದ್ರ, ಸಂಜಿಮುಂದ ಹಾಲಿನ ವೈಫೈ ಬಂದ್ ಇರತೈತಿ, ವಾಚ್‌ಮನ್ ರಾತ್ರಿ ಬಂದು ಚಾಲೂ ಮಾಡಿದಾಗ ಮೆಸೇಜ್ ಹೊಂಟ ಹೋಗತೈತಿ, ಅದಕ್ಕ ಲೇಟು ಅಂತ. ಕೇಳಾಕ ಸರಿ ಅನಸತೈತಿ. ಆದ್ರ ಟೆಲಿಗ್ರಾಮ್ ಹಂಗ ಕೆಲಸ ಮಾಡಂಗಿಲ್ಲ. ನೀವು ಸೆಂಡ್ ಬಟನ್ ಒತ್ತಿ ಹಿಡದು `Schedule message` ಆರಿಸಿ ಟೈಮ್ ಕೊಟ್ಟ ಕೂಡ್ಲೆ ಆ ಮೆಸೇಜ್ ಅವರ ಸರ್ವರಿಗೆ ಹೋಗಿ ಕುಂದರತೈತಿ, ಟೈಮ್ ಆದಾಗ ಕಳಿಸೋದು ಸರ್ವರು, ನಿಮ್ಮ ಫೋನಲ್ಲ. ಫೋನ್ ಸ್ವಿಚ್ ಆಫ್ ಮಾಡಿ ಕಪಾಟಿನಾಗ ಇಟ್ರೂ ಹೋಗತೈತಿ.

ಇದನ್ನ ಬರೇ ಬಾಯಿಂದ ಹೇಳಿದ್ರ ಕಾಕಾ ನಂಬಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನದಿಂದ ರಾತ್ರಿ ತನಕ ವೈಫೈ ಚಾಲೂ ಇಟ್ಟು, ಫೋನ್ ಚಾರ್ಜಿಗೆ ಹಚ್ಚಿ, ಕಾಕಾ ಅದರ ಮುಂದ ಕುಂತ್ರು. 6 ಆತು, ಏನೂ ಇಲ್ಲ. 7, 8, ಏನೂ ಇಲ್ಲ. ಸರಿಯಾಗಿ 11:30ಕ್ಕ ಮೀಟಿಂಗ್ ನೋಟಿಸು ಹೋತು.

ಆವಾಗ ನನಗ ತಲ್ಯಾಗ ದೀಪ ಹತ್ತಿದ್ದು. ವೈಫೈ ಸಮಸ್ಯೆ ಇದ್ರ ಒಂದಿನ 20 ನಿಮಿಷ ಲೇಟ್, ಇನ್ನೊಂದಿನ ಮೂರ ತಾಸು ಲೇಟ್, ಹಿಂಗ ಏರಪೇರ ಇರಬೇಕು. ಇಲ್ಲಿ 6:30ರದ್ದು 12:00ಕ್ಕ, 6:00ರದ್ದು 11:30ಕ್ಕ, ಎರಡೂ ಸಲ ಕರೆಕ್ಟ್ ಐದೂವರೆ ತಾಸು. ಪ್ರತಿ ಸಲ ಅಳದಂಗ ಒಂದ ಅಂತರ ಬಂದ್ರ ಅದು ಗಡಿಯಾರದ ರೋಗ, ನೆಟ್‌ವರ್ಕಿಂದಲ್ಲ. ಅದಕ್ಕ ಶೆಡ್ಯೂಲ್ ಲೇಟ್ ಬಂತು ಅಂತ ಯಾರರ ಹೇಳಿದ್ರ ನಾನು ಈಗ ಮೊದಲ ಕೇಳೋ ಪ್ರಶ್ನೆ ಒಂದ, ಎಷ್ಟ ಲೇಟು, ಸರಿಯಾಗಿ ನಿಮಿಷದ ಲೆಕ್ಕ ಹೇಳ್ರಿ.

ಅಂತರ ನೋಡಿದ್ರ ರೋಗ ಗೊತ್ತಾಗತೈತಿ

5:30 ತಾಸು ಲೇಟ್ ಇದ್ರ ಮೆಸೇಜ್ ಇಟ್ಟ ಫೋನಿನ ಅಥವಾ ಕಂಪ್ಯೂಟರಿನ ಟೈಮ್ ಝೋನ್ ಜಿಎಂಟಿ ಮ್ಯಾಲೆ ಐತಿ, ಯಾಕಂದ್ರ ನಮ್ಮ ಭಾರತದ ಟೈಮ್ ಅದಕ್ಕಿಂತ 5:30 ಮುಂದ. 1:30 ತಾಸು ಲೇಟ್ ಇದ್ರ ದುಬೈ ಟೈಮಿನಾಗ ಕುಂತು ಯಾರೋ ಇಟ್ಟಾರ, ಅದರ ಕಥಿ ಮುಂದ ಹೇಳ್ತೀನಿ. ಸರಿಯಾಗಿ 12 ತಾಸು ಹಿಂದ ಮುಂದ ಆಗಿದ್ರ ಎಎಂ ಪಿಎಂ ಅದಲು ಬದಲು ಮಾಡೀರಿ, ಇದು ಭಾಳ ಮಂದಿಗೆ ಆಗೋದು, ಫೋನಿನಾಗ 24 ತಾಸಿನ ಗಡಿಯಾರ ಹಾಕ್ಕೊಂಡ್ರ ಈ ಕಾಟ ತಪ್ಪತೈತಿ. ಒಂದು ದಿನ ಪೂರ್ತಿ ಆಕಡೆ ಈಕಡೆ ಇದ್ರ ತಾರೀಖು ತಪ್ಪ ಒತ್ತೀರಿ, ಅಷ್ಟ.

ನಮ್ಮದು 5:30. ಆದ್ರ ಕಾಕಾ ಫೋನ್ ಎತ್ತಿ ತೋರಿಸಿ, "ನೋಡಪಾ, ಟೈಮ್ ಕರೆಕ್ಟ್ ಐತಲ್ಲ, ಗ್ವಾಡಿ ಗಡಿಯಾರಕ್ಕೂ ಇದಕ್ಕೂ ಒಂದ ನಿಮಿಷ ಫರಕ ಇಲ್ಲ" ಅಂದ್ರು. ಖರೇನ, ಎರಡೂ 5:10 ತೋರಿಸ್ತಿದ್ವು. ಇಲ್ಲೇ ನೋಡ್ರಿ ಮೋಸ ಇರೋದು. ಪರದೆ ಮ್ಯಾಲಿನ ಗಡಿಯಾರ ಸರಿ ಇದ್ದ ಮಾತ್ರಕ್ಕ ಟೈಮ್ ಝೋನ್ ಸರಿ ಐತಿ ಅಂತಲ್ಲ.

ಆಗಿದ್ದೇನು ಅಂದ್ರ, ಆ ಫೋನ್ ಮಧ್ಯದಾಗ ಒಮ್ಮೆ ಹ್ಯಾಂಗ್ ಆಗಿ ರಿಪೇರಿಗೆ ಹೋಗಿತ್ತು, ರಿಸೆಟ್ ಆಗಿ ವಾಪಸ್ ಬಂತು. ಸಿಮ್ ಇರೋ ಫೋನ್ ಆಗಿದ್ರ ಮೊಬೈಲ್ ನೆಟ್‌ವರ್ಕಿಂದ ಟೈಮ್ ಝೋನ್ ತಾನ ತಗೋತಿತ್ತು, ಇದಕ್ಕ ಸಿಮ್ ಇಲ್ಲ, ಹಂಗಾಗಿ ಝೋನ್ ಜಿಎಂಟಿನಾಗ ಉಳಕೊಂಡತಿ. ವೈಫೈಯಿಂದ ಟೈಮ್ ಸಿಗತೈತಿ ಖರೆ, ಆದ್ರ ಝೋನ್ ತಪ್ಪಿದ್ರ ತೋರಸೋದು ಐದೂವರೆ ತಾಸು ಹಿಂದ. ಯಾರೋ ಪುಣ್ಯಾತ್ಮರು ಅಯ್ಯ ಟೈಮ್ ತಪ್ಪ ಐತಿ ಅಂತ ಆಟೋಮ್ಯಾಟಿಕ್ ತಗದು ಕೈಯಿಂದ ಮುಳ್ಳು ತಿರುವಿ ಸರಿ ಮಾಡಿಟ್ರು. ಕಣ್ಣಿಗೆ ಸರಿ ಆತು, ಒಳಗ ಝೋನ್ ಹಂಗ ಜಿಎಂಟಿ. ಆ ಮ್ಯಾಲೆ ಕಾಕಾ ಮುಂದಿನ ತಿಂಗಳುಗಳ ನೋಟಿಸೆಲ್ಲಾ ಅದ ಫೋನಿನಾಗ ಇಟ್ರು. ನೀವು ಸಂಜಿ 6 ಅಂತ ಆರಿಸಿದ್ರ ಟೆಲಿಗ್ರಾಮ್ ಅದನ್ನ ಈ ಫೋನಿನ ಝೋನಿನಾಗ 6 ಗಂಟೆ ಅಂತ ತಿಳ್ಕೊಂಡು ಸರ್ವರಿಗೆ ಕಳಿಸತೈತಿ. ಜಿಎಂಟಿ 6 ಅಂದ್ರ ನಮಗ ರಾತ್ರಿ 11:30. ಮುಂಜಾನೆ 6:30 ಅಂದ್ರ ಮಧ್ಯಾಹ್ನ 12. ಎರಡೂ ಕೂಡಿ ಬಂತಲ್ಲ?

ಹಂಗಂತ ಫೋನಿನ ಗಡಿಯಾರ ಐದ್ ಹತ್ತ ನಿಮಿಷ ಮುಂದ ಇಟ್ಟವರು ಹೆದರಬ್ಯಾಡ್ರಿ, ಬಸ್ ತಪ್ಪಬಾರದು ಅಂತ ನಮ್ಮ ಮನ್ಯಾಗೂ ಹಂಗ ಇಡ್ತಾರ. ಝೋನ್ ಸರಿ ಇದ್ರ 6 ಅಂತ ಆರಿಸಿದ್ದು ಖರೇ 6ಕ್ಕ ಹೋಗತೈತಿ. ಕೆಡಸೋದು ಝೋನ್ ತಪ್ಪಿದ್ರ ಅಷ್ಟ.

ಸೆಟಿಂಗ್ಸ್ ತಗೀದ ಕಂಡುಹಿಡಿಯೋದು

ಇದನ್ನ ಹತ್ತ ಸೆಕೆಂಡಿನಾಗ ನೋಡಬಹುದು. ಸಂಶಯ ಇರೋ ಫೋನಿನಾಗ ಗ್ರೂಪ್ ತಗೀರಿ, ನಿಮ್ಮ ಕೈಯಾಗಿನ ಬ್ಯಾರೆ ಫೋನಿಂದ ಒಂದು ಮೆಸೇಜ್ ಹಾಕ್ರಿ, ಮೆಸೇಜಿನ ಮೂಲ್ಯಾಗ ಸಣ್ಣ ಅಕ್ಷರದಾಗ ಟೈಮ್ ಇರತೈತಲ್ಲ ಅದನ್ನ ನೋಡ್ರಿ. ನಾನು 5:12ಕ್ಕ ಹಾಕಿದ "ಟೆಸ್ಟ್" ಅನ್ನೋ ಮೆಸೇಜು ನನ್ನ ಫೋನಿನಾಗ 5:12 ತೋರಸ್ತು, ಸಂಘದ ಫೋನಿನಾಗ 11:42 ಎಎಂ ತೋರಸ್ತು. ಪರದೆ ಮ್ಯಾಲೆ ಗಡಿಯಾರ 5:12, ಈಗಷ್ಟ ಬಂದ ಮೆಸೇಜು ಮುಂಜಾನೆ 11:42! ಯಾಕ ಹಂಗ ಅಂದ್ರ ಮೆಸೇಜಿನ ಟೈಮು ಸರ್ವರಿಂದ ಬರತೈತಿ, ಫೋನಿನ ಝೋನಿಗೆ ತಕ್ಕಂಗ ತೋರಸತೈತಿ, ಕೈಯಿಂದ ತಿರುವಿದ ಮುಳ್ಳು ಅದಕ್ಕ ಲೆಕ್ಕಕ್ಕಿಲ್ಲ. ಇಷ್ಟ ದಿನ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಆ ಫೋನ್ ಕಳಸಾಕ ಅಷ್ಟ ಬಳಸೋದು, ಅದರಾಗ ಕುಂತು ಗ್ರೂಪ್ ಓದೋರು ಯಾರು.

ಸರಿ ಮಾಡೋ ಕ್ರಮ, ಮತ್ತ ಗಾಬರಿ ಆಗೋ ಒಂದು ಜಾಗಾ

ಫೋನಿನ `Date & time` ಅನ್ನೋ ಸೆಟಿಂಗ್ ತಗೀರಿ, ಒಂದೊಂದು ಕಂಪನಿದು ಒಂದೊಂದು ಕಡೆ ಇರತೈತಿ, ಸೆಟಿಂಗ್ಸಿನ ಮ್ಯಾಲೆ ಹುಡುಕೋ ಡಬ್ಬಿನಾಗ ಹೊಡದ್ರ ಸಿಗತೈತಿ. ಅಲ್ಲಿ ಟೈಮ್ ಝೋನ್ ಭಾರತ, `GMT+05:30` ಅಂತ ಇಡ್ರಿ. ಇಟ್ಟ ಕೂಡ್ಲೆ ಗಡಿಯಾರ 5:15 ಇದ್ದದ್ದು ಟಪ್ ಅಂತ ರಾತ್ರಿ 10:45ಕ್ಕ ಜಿಗೀತೈತಿ. ಕಾಕಾ "ಏ ಏ ಕೆಡಿಸಿದಿ ನೋಡು" ಅಂತ ಕೈ ಹಿಡದ್ರು. ಕೆಟ್ಟಿಲ್ಲ, ಮೊದಲ ಯಾರೋ ಕೈಯಿಂದ 5:30 ಸೇರಿಸಿದ್ರಲ್ಲ, ಈಗ ಝೋನ್ ಮತ್ತ 5:30 ಸೇರಿಸ್ತು, ಅದಕ್ಕ ಎರಡ ಸಲ ಆತು. ಮ್ಯಾಲಿನ ಆಟೋಮ್ಯಾಟಿಕ್ ಟೈಮ್ ಚಾಲೂ ಮಾಡಿದ್ರ ವೈಫೈಯಿಂದ ಖರೇ ಟೈಮ್ ತಗೊಂಡು ವಾಪಸ್ 5:15ಕ್ಕ ಬರತೈತಿ. ನಡುವ ಗಾಬರಿ ಆಗಿ ಮತ್ತ ಕೈಯಿಂದ ತಿರುವಾಕ ಹೋಗಬ್ಯಾಡ್ರಿ. ಸಿಮ್ ಇಲ್ಲದ ಫೋನಿಗೆ ಆಟೋಮ್ಯಾಟಿಕ್ ಝೋನ್ ಮ್ಯಾಲೆ ಭರೋಸಾ ಇಡಬ್ಯಾಡ್ರಿ, ಝೋನ್ ಕೈಯಿಂದ, ಟೈಮ್ ಆಟೋಮ್ಯಾಟಿಕ್ಕಿಂದ, ಹಂಗ ಇಟ್ರ ನಿಶ್ಚಿಂತಿ.

ಇಲ್ಲಿಗೆ ಮುಗೀತು ಅಂತ ಎದ್ದ ಹೋದ್ರ ಮುಂದಿನ ನೋಟಿಸು ಮತ್ತ 11:30ಕ್ಕ ಹೋಗತೈತಿ. ಯಾಕಂದ್ರ ಮೊದಲ ಇಟ್ಟ ಮೆಸೇಜು ಸರ್ವರಿನಾಗ ಕುಂತಾವು, ಅವಕ್ಕ ನಿಮ್ಮ ಫೋನಿನ ಝೋನ್ ಬದಲಾಗಿದ್ದು ಗೊತ್ತಿಲ್ಲ. ಗ್ರೂಪ್ ತಗೀರಿ, ಟೈಪ್ ಮಾಡೋ ಪಟ್ಟಿ ಬಾಜೂಕ ಕ್ಯಾಲೆಂಡರ್ ಥರ ಒಂದು ಸಣ್ಣ ಗುರ್ತು ಇರತೈತಿ, ಶೆಡ್ಯೂಲ್ ಮೆಸೇಜ್ ಏನರ ಬಾಕಿ ಇದ್ರಷ್ಟ ಅದು ಕಾಣತೈತಿ. ಅದನ್ನ ಒತ್ತಿದ್ರ ಬಾಕಿ ಪಟ್ಟಿ ಬರತೈತಿ. ಝೋನ್ ಸರಿ ಆದಮ್ಯಾಲೆ ಈ ಪಟ್ಟಿನಾಗ 1ನೇ ತಾರೀಖಿನ ನೋಟಿಸು 11:30 ಪಿಎಂ ಅಂತನ ಕಾಣ್ತು, ಟ್ಯಾಂಕಿಂದು 12:00 ಪಿಎಂ. ಇದು ಕಂಡ್ರ ನಿಮ್ಮ ಅಂದಾಜು ಸರಿ ಅಂತ ಪಕ್ಕಾ ಆತು. ಒಂದೊಂದ ಮೆಸೇಜ್ ಒತ್ತಿ `Reschedule` ಕೊಟ್ಟು ಟೈಮ್ ತಿದ್ದಬೇಕು. ತಾರೀಖನ್ನೂ ನೋಡ್ರಿ, ರಾತ್ರಿ 8ಕ್ಕ ಅಂತ ಇಟ್ಟದ್ದು ಇದ್ರ ಅದು ಮರುದಿನ ನಸಕಿನ್ಯಾಗ 1:30ಕ್ಕ ಹೋಗಿ ಕುಂತಿರತೈತಿ, ಬರೇ ಟೈಮ್ ತಿದ್ದಿದ್ರ ಒಂದ ದಿನ ಲೇಟ್ ಆಗತೈತಿ. ನಮ್ಮವು ಏಳೆಂಟ ಬಾಕಿ ಇದ್ವು, ಒಂದು ಚಾ ಕುಡಿಯೋದ್ರಾಗ ಮುಗೀತು.

ಆಮೇಲೆ ಟೆಸ್ಟ್. ಗ್ರೂಪಿನಾಗ ಟೆಸ್ಟ್ ಮಾಡಿ ಮಂದಿ ಕಾಡಬ್ಯಾಡ್ರಿ, `Saved Messages` ತಗೀರಿ, ಅದು ನಿಮಗ ನೀವ ಬರ್ಕೊಳ್ಳೋ ಜಾಗಾ. ಅಲ್ಲಿ ಸೆಂಡ್ ಒತ್ತಿ ಹಿಡದ್ರ ಶೆಡ್ಯೂಲ್ ಬದಲಿ `Set a reminder` ಅಂತ ಬರತೈತಿ, ಕೆಲಸ ಒಂದ. ಐದ ನಿಮಿಷ ಮುಂದಕ್ಕ ಇಟ್ಟು ನೋಡ್ರಿ. ಐದ ನಿಮಿಷಕ್ಕ ಬಂದ್ರ ಗಡಿಯಾರ ಸರಿ ಆತು.

ದುಬೈ ಕಥಿ

ಇದು ಮತ್ತೊಂದ ತಿಂಗಳದ್ದು. ಅಧ್ಯಕ್ಷರು ಮಗನ ಮನಿಗೆ ದುಬೈಕ್ಕ ಹೋಗಿದ್ರು. ಸಂಘದ ಅಕೌಂಟು ಅವರ ಫೋನಿನಾಗೂ ಲಾಗಿನ್ ಐತಿ. ಅಲ್ಲಿ ಕುಂತು ಪಟ್ಟಿ ನೋಡಿದ್ರು, ಮೀಟಿಂಗ್ ನೋಟಿಸು 4:30 ಪಿಎಂ ಅಂತ ಕಂಡತಿ. "ಇವ್ರು ಮತ್ತ ತಪ್ಪ ಇಟ್ಟಾರ" ಅಂತ ಅವರ 6:00 ಮಾಡಿದ್ರು. ದುಬೈ ನಮಗಿಂತ 1:30 ತಾಸು ಹಿಂದ, ಅಲ್ಲಿಯ 4:30 ಅಂದ್ರ ಇಲ್ಲಿಯ 6, ಅದು ಸರೀನ ಇತ್ತು. ಅವರು ತಿದ್ದಿದ್ದಕ್ಕ ಹುಬ್ಬಳ್ಳ್ಯಾಗ 7:30ಕ್ಕ ಬಂತು. ಊರಾಗ ಇದ್ದಾಗ ಇಟ್ಟ ಮೆಸೇಜು ನೀವು ಎಲ್ಲಿಗೆ ಹೋದ್ರೂ ಊರ ಟೈಮಿಗೇ ಹೋಗತಾವು, ಪರದೇಶದಾಗ ಪಟ್ಟಿ ಬ್ಯಾರೆ ಟೈಮ್ ತೋರಸತೈತಿ, ಕೈ ಹಚ್ಚಬ್ಯಾಡ್ರಿ. ಹೊಸದು ಇಡೋದಿದ್ರ ದುಬೈದಾಗ 1:30 ಕಳದು ಇಡ್ರಿ. ಲಂಡನ್ ಕಡೆ ಇದ್ರ ಚಳಿಗಾಲಕ್ಕ 5:30, ಬ್ಯಾಸಗಿಗೆ 4:30, ಅವರು ಗಡಿಯಾರ ತಿರುವತಾರ. ಇಷ್ಟ ತಲಿನೋವು ಯಾಕ, ಊರಾಗಿದ್ದವರಿಗೆ ಇಡಾಕ ಹೇಳ್ರಿ ಅಂತ ನಾನು.

ತಾನ ಮೆಸೇಜ್ ಹಾಕೋ ಪ್ರೋಗ್ರಾಂ, ಅಂದ್ರ ಬಾಟ್, ಹಾಕಿಸಿದ ಸಂಘದವರಿಗೂ ಇದ ರೋಗ ಬರತೈತಿ. ಬಾಟು ಓಡೋ ಬಾಡಿಗಿ ಸರ್ವರಿನ ಗಡಿಯಾರ ಸಾಮಾನ್ಯಕ್ಕ ಯುಟಿಸಿ, ಅಂದ್ರ ಜಿಎಂಟಿ ಟೈಮ್ ಮ್ಯಾಲೆ ಇರತೈತಿ, ಅಲ್ಲಿ 1ನೇ ತಾರೀಖು ನಮ್ಮ ಸಂಜಿ 6ಕ್ಕ ಹೋಗಬೇಕಂದ್ರ ಟೈಮ್ ಹೇಳೋ ಕ್ರಾನ್ ಸಾಲು ಹಿಂಗ ಇರಬೇಕು, ಮೊದಲ ನಿಮಿಷ ಆಮೇಲೆ ತಾಸು, ಅಂದ್ರ 12:30, 18:00 ಅಲ್ಲ:

```
30 12 1 * *
```

ಬರಲೇ ಇಲ್ಲ ಅಂದ್ರ

ಲೇಟ್ ಬರೋದು ಒಂದು, ಬರದ ಇರೋದು ಇನ್ನೊಂದು. ಬರದ ಇದ್ರ ಮೊದಲ ಆ ಬಾಕಿ ಪಟ್ಟಿ ನೋಡ್ರಿ. ಪಟ್ಟಿನಾಗ ಮೆಸೇಜ್ ಐತಿ ಆದ್ರ ಅದರ ಮೂಲ್ಯಾಗ ಸಣ್ಣ ಗಡಿಯಾರದ ಗುರ್ತು ಹಂಗ ನಿಂತೈತಿ ಅಂದ್ರ, ಇಡೋವಾಗ ನೆಟ್ ಇರಲಿಲ್ಲ, ಅದು ಸರ್ವರಿಗೆ ಮುಟ್ಟೇ ಇಲ್ಲ, ಫೋನಿನಾಗ ಕುಂತೈತಿ. ವೈಫೈ ಮಾತು ಖರೆ ಆಗೋದು ಇಲ್ಲಿ ಮಾತ್ರ: ಇಡೋ ಹೊತ್ತಿಗೆ ನೆಟ್ ಬೇಕು, ಹೋಗೋ ಹೊತ್ತಿಗೆ ಬ್ಯಾಡ. ಅನುಮಾನ ಇದ್ರ ಅದ ಅಕೌಂಟು ಬ್ಯಾರೆ ಫೋನಿನಾಗೋ ಕಂಪ್ಯೂಟರಿನಾಗೋ ತಗದು ಪಟ್ಟಿ ನೋಡ್ರಿ, ಅಲ್ಲೂ ಕಂಡ್ರ ಸರ್ವರಿಗೆ ಮುಟ್ಟೇತಿ, ಇಲ್ಲಾ ಅಂದ್ರ ಇಲ್ಲ. ನಾವು ಈಗ ಒಂದು ಕಂತು ಇಟ್ಟ ಮ್ಯಾಲೆ ಖಜಾಂಚಿ ಅಕ್ಕಾರು ಅವರ ಲ್ಯಾಪ್‌ಟಾಪಿನಾಗ ಎಣಿಸ್ತಾರ, 18 ಇಟ್ರ 18 ಕಾಣಬೇಕು.

ಪಟ್ಟಿನ ಖಾಲಿ ಇದ್ರ, ಮೆಸೇಜು ಗ್ರೂಪಿನಾಗೂ ಇಲ್ಲ ಅಂದ್ರ, ಹೆಚ್ಚಾಗಿ ಸ್ಟಾಕ್ ಮುಗದಿರತೈತಿ. ಸಾದಾ ಶೆಡ್ಯೂಲು ಒಮ್ಮೆ ಹೋದ್ರ ಮುಗೀತು, ಮುಂದಿನ ತಿಂಗಳಕ್ಕ ತಾನ ಹುಟ್ಟಂಗಿಲ್ಲ, ಅದಕ್ಕ ನಾವು ಒಂದೊಂದ ತಿಂಗಳದ್ದು ಬ್ಯಾರೆ ಬ್ಯಾರೆ ಇಡೋದು. ಒಂದು ಚಾಟಿಗೆ 100 ಮೆಸೇಜ್ ತನಕ, ಒಂದು ವರ್ಷ ಮುಂದಿನ ತನಕ ಇಡಬಹುದು. ನಮ್ಮದು ತಿಂಗಳಿಗೆ ಮೂರು, ವರ್ಷಕ್ಕ 36, ಜಾಗಾ ಧಾರಾಳ ಐತಿ. ಆದ್ರೂ ಆರ ತಿಂಗಳಿಗಿಂತ ಹೆಚ್ಚ ಇಡಬ್ಯಾಡ್ರಿ, ಮೇಂಟೆನನ್ಸ್ ರೊಕ್ಕ ಏರಸ್ತಾರ, ಹಳೇ ರೊಕ್ಕದ ನೋಟಿಸು ಹೋಗಿ ಜಗಳ ಆಗತೈತಿ. ಕಡೀ ನೋಟಿಸು ಹೋಗೋಕ್ಕಿಂತ ಒಂದು ವಾರ ಮೊದ್ಲ `Saved Messages` ಒಳಗ ಒಂದು ರಿಮೈಂಡರ್ ಇಟ್ಟಬಿಡ್ರಿ, "ಸ್ಟಾಕ್ ಮುಗೀತು, ಮುಂದಿನ ಆರ ತಿಂಗಳದ್ದು ತುಂಬ್ರಿ" ಅಂತ. ಆ ರಿಮೈಂಡರ್ ಸಪ್ಪಳ ಮಾಡಲಿಲ್ಲ ಅಂತ ಕಾಕಾ ಒಮ್ಮೆ ಹೇಳಿದ್ರು, `Saved Messages` ತಗದು ನೋಡಿದ್ರ ಮೆಸೇಜು ಟೈಮಿಗೆ ಬಂದು ಕುಂತಿತ್ತು. ಮೆಸೇಜ್ ಅಲ್ಲಿದ್ರ ಶೆಡ್ಯೂಲ್ ಸರಿ ಐತಿ, ಕೆಟ್ಟಿದ್ದು ನೋಟಿಫಿಕೇಶನ್ನು, ಅವರ ಫೋನಿನ ಬ್ಯಾಟರಿ ಉಳಸೋ ಸೆಟಿಂಗು ಟೆಲಿಗ್ರಾಮನ್ನ ಮಲಗಿಸಿಬಿಟ್ಟಿತ್ತು. ಈ ಎರಡು ಬ್ಯಾರೆ ಬ್ಯಾರೆ, ಕೂಡಿಸಿ ಹುಡುಕಬ್ಯಾಡ್ರಿ.

ತುಂಬೋವಾಗ ಎರಡನೇ ರವಿವಾರದ ಲೆಕ್ಕ ತಪ್ಪತೈತಿ, ಹೋದ ತಿಂಗಳ ತಾರೀಖ ನೋಡಿ ಅದನ್ನ ಒತ್ತಬ್ಯಾಡ್ರಿ. 2026ರಾಗ ಏಪ್ರಿಲ್ 12, ಮೇ 10, ಜೂನ್ 14, ಹಿಂಗ ಕುಣೀತೈತಿ. ಎರಡನೇ ರವಿವಾರ ಯಾವಾಗ್ಲೂ 8ರಿಂದ 14ರ ಒಳಗ ಇರತೈತಿ, ನಿಮ್ಮ ಪಟ್ಟಿನಾಗ ಅದರ ಹೊರಗ ಮೀಟಿಂಗ್ ಬಂದ್ರ ತಪ್ಪ. ನೋಟಿಸಿನಾಗ "ನಾಳೆ ಮೀಟಿಂಗ್" ಅಂತ ಬರಿಯೋ ಬದಲಿ "ರವಿವಾರ ಏಪ್ರಿಲ್ 12, ಮುಂಜಾನೆ 10ಕ್ಕ" ಅಂತ ಬರೀರಿ, ಶೆಡ್ಯೂಲ್ ಅಕಸ್ಮಾತ್ ಲೇಟ್ ಹೋದ್ರೂ ಓದಿದವರಿಗೆ ದಿನ ತಪ್ಪಂಗಿಲ್ಲ. ನಮ್ಮದು ರಾತ್ರಿ 11:30ಕ್ಕ ಬಂದಾಗ "ನಾಳೆ" ಅಂತಿತ್ತು, ಮಲಗಿದ್ದವರು ಅದನ್ನ ರವಿವಾರ ಮುಂಜಾನೆ ಎದ್ದು ಓದಿ ಮೀಟಿಂಗ್ ಸೋಮವಾರ ಅಂತ ತಿಳ್ಕೊಂಡ್ರು. ಮೀಟಿಂಗಿಗೆ ಬಂದಿದ್ದು ಒಂಬತ್ತ ಮಂದಿ.

ನಳದ ನೀರು ಬರೋ ದಿನದ ನೋಟಿಸು ಮಾತ್ರ ಶೆಡ್ಯೂಲ್ ಮಾಡಬ್ಯಾಡ್ರಿ. ಅದು ಇಂತಾ ದಿನ ಅಂತ ಇರಂಗಿಲ್ಲ, ಬಂದಾಗ ಕೈಯಿಂದ ಹಾಕೋದ ಸರಿ.

ಎರಡೆರಡ ಸಲ ಬಂದ್ರ

ಹಳೇ ಸೆಕ್ರೆಟರಿ ಅಣ್ಣಾರು ತಮ್ಮ ಸ್ವಂತ ಅಕೌಂಟಿಂದ ಒಂದು ವರ್ಷದ್ದು ಇಟ್ಟ ಹೋಗಿದ್ರು, ಹೊಸ ಕಮಿಟಿ ಸಂಘದ ಅಕೌಂಟಿಂದ ಮತ್ತ ಇಡ್ತು. ಒಂದ ಸಂಜಿ ಎರಡು ನೋಟಿಸು, ಒಂದರಾಗ ಹಳೇ ರೊಕ್ಕ, ಒಂದರಾಗ ಹೊಸಾದು. ಗ್ರೂಪಿನಾಗ ಒಬ್ಬರು ಶೆಡ್ಯೂಲ್ ಇಟ್ಟದ್ದು ಇನ್ನೊಬ್ಬರಿಗೆ ಕಾಣಂಗಿಲ್ಲ, ಇಬ್ಬರೂ ಅಡ್ಮಿನ್ ಇದ್ರೂ ಕಾಣಂಗಿಲ್ಲ, ಅವರವರ ಪಟ್ಟಿ ಅವರವರಿಗೆ. ಹಂಗಾಗಿ ನಾನು ನನ್ನ ಫೋನಿನಾಗ ಎಷ್ಟ ಹುಡುಕಿದ್ರೂ ಸಿಗಲಿಲ್ಲ. ಮೆಸೇಜಿನ ಮ್ಯಾಲೆ ಕಳಿಸಿದವರ ಹೆಸರರ ಇರಬೇಕಲ್ಲ ಅಂದ್ರ, ಹೆಸರು ತೋರಸದ ಇರೋ ಅನಾಮಿಕ ಅಡ್ಮಿನ್ ಆಪ್ಷನ್ ಹಾಕ್ಕೊಂಡಿದ್ರು, ಗ್ರೂಪಿನ ಹೆಸರಲೇ ಬಂದಿತ್ತು. ಎಲ್ಲಾ ಅಡ್ಮಿನ್‌ಗಳಿಗೂ ಫೋನ್ ಮಾಡಿ, ಗ್ರೂಪ್ ತಗದು ಟೈಪ್ ಪಟ್ಟಿ ಬಾಜೂಕ ಕ್ಯಾಲೆಂಡರ್ ಗುರ್ತು ಐತೇನ್ರಿ ಅಂತ ಒಬ್ಬೊಬ್ಬರನ್ನ ಕೇಳ್ಕೋತ ಹೋದೆ. ನಾಕನೇಯವರು ಅಣ್ಣಾರು, "ಹೌದಲ್ಲೋ, ಐತಿ, ಇದೇನಿದು" ಅಂದ್ರು. ಒತ್ತಿ ನೋಡಿದ್ರ ಇನ್ನೂ ಏಳು ತಿಂಗಳದ್ದು ಕುಂತಿತ್ತು. ಫೋನ್ ಮ್ಯಾಲೇ ಒಂದೊಂದ ಒತ್ತಿಸಿ ಡಿಲೀಟ್ ಮಾಡಿಸಿದೆ.